ಬಾಗಿಲು, ಇಟ್ಟಿಗೆ, ಸ್ಲೀಪರ್, ಕಾರು: ಒಂದು ಫೋಟೋದಿಂದ ಗೋಪುರದ ದೂರ ಲೆಕ್ಕ ಹಾಕುವುದು

ಒಂದು ಫೋಟೋ ಇದೆ ಎಂದುಕೊಳ್ಳಿ. ರೈಲು ಹಳಿಯ ಮೇಲಿನ ಪಾದಚಾರಿ ಸೇತುವೆಯಿಂದ ತೆಗೆದದ್ದು. ಕೆಳಗೆ ಹಳಿ ನೇರವಾಗಿ ಮುಂದಕ್ಕೆ ಹೋಗಿದೆ. ದೂರದಲ್ಲಿ, ಸ್ವಲ್ಪ ಬಲಕ್ಕೆ, ಇಟ್ಟಿಗೆಯ ಒಂದು ಗಡಿಯಾರ ಗೋಪುರ. ಅದರ ಬುಡದಲ್ಲಿ ಒಂದು ಬಾಗಿಲು, ಬಾಗಿಲ ಮುಂದೆ ನಿಂತಿರುವ ಕಾರು. ಗೋಪುರ ಯಾವುದು ಅಂತ ಗೊತ್ತಾಗಿದೆ, ನಕ್ಷೆಯಲ್ಲೂ ಸಿಕ್ಕಿದೆ. ಆದರೆ ಆ ಹಳಿಯ ಮೇಲೆ ಮೂರು ಸೇತುವೆಗಳಿವೆ. ಫೋಟೋ ತೆಗೆದದ್ದು ಯಾವುದರ ಮೇಲಿಂದ? ಗೋಪುರ ಎಷ್ಟು ದೂರದಲ್ಲಿದೆ ಎಂದು ಗೊತ್ತಾದರೆ ಉತ್ತರ ಸಿಕ್ಕಿದ ಹಾಗೆ.

ಈ ಲೆಕ್ಕದಲ್ಲಿ ಹೆಚ್ಚಿನವರು ಎಡವುವುದು ಗಣಿತದಲ್ಲಿ ಅಲ್ಲ. ಬಾಗಿಲು ಎರಡು ಮೀಟರ್ ಎಂದು ಹಿಡಿದು, ಅದನ್ನು ಪಿಕ್ಸೆಲ್‌ನಲ್ಲಿ ಅಳೆದು, ಬಂದ ಉತ್ತರವನ್ನು ನಂಬಿಬಿಡುತ್ತಾರೆ. ನನ್ನ ಅನುಭವದಲ್ಲಿ ಫೋಟೋದಲ್ಲಿ ಕಾಣುವ ವಸ್ತುಗಳಲ್ಲಿ ಎರಡು ಜಾತಿ. ಬಾಗಿಲು ಮತ್ತು ವಾಹನವನ್ನು ಅಳೆಯಬೇಕು. ಹಳಿಯ ಕೆಳಗೆ ಅಡ್ಡಲಾಗಿ ಹಾಸಿದ ಸ್ಲೀಪರ್ ಮತ್ತು ಗೋಡೆಯ ಇಟ್ಟಿಗೆಯನ್ನು ಎಣಿಸಬಹುದು. ಅಳತೆ ಕ್ಯಾಮೆರಾದ ಕೋನಕ್ಕೆ ತಕ್ಕಂತೆ ಬದಲಾಗುತ್ತದೆ, ಎಣಿಕೆ ಬದಲಾಗುವುದಿಲ್ಲ. ಓರೆಯಾಗಿ ನೋಡಿದರೂ ನಲವತ್ತು ಸ್ಲೀಪರ್ ನಲವತ್ತೇ. ಹಾಗಾಗಿ ಎಣಿಸಬಹುದಾದದ್ದರ ಮೇಲೆ ಲೆಕ್ಕ ಕಟ್ಟಿ, ಅಳೆಯುವಂಥದ್ದನ್ನು ತಾಳೆ ನೋಡಲು ಇಟ್ಟುಕೊಳ್ಳುವುದು ಒಳ್ಳೆಯದು. ಮುಂದಿನದ್ದೆಲ್ಲ ಇದೇ ದಾರಿಯಲ್ಲಿ ಸಾಗುತ್ತದೆ.

ಮೊದಲು ಲೆಕ್ಕದ ಮೂಲ

ಒಂದು ವಸ್ತು ಎರಡು ಪಟ್ಟು ದೂರ ಹೋದರೆ ಫೋಟೋದಲ್ಲಿ ಅರ್ಧಕ್ಕೆ ಇಳಿಯುತ್ತದೆ. ಇಷ್ಟೇ ವಿಷಯ. ಸೂತ್ರವಾಗಿ ಬರೆದರೆ:

```
D = f × H / h
```

`D` ಎಂದರೆ ದೂರ. `H` ಎಂದರೆ ವಸ್ತುವಿನ ನಿಜವಾದ ಎತ್ತರ, ಮೀಟರ್‌ನಲ್ಲಿ. `h` ಎಂದರೆ ಫೋಟೋದಲ್ಲಿ ಅದರ ಎತ್ತರ, ಪಿಕ್ಸೆಲ್‌ನಲ್ಲಿ. `f` ಎಂದರೆ ಲೆನ್ಸಿನ ಫೋಕಲ್ ಲೆಂಗ್ತ್, ಇದೂ ಪಿಕ್ಸೆಲ್‌ನಲ್ಲೇ. ಒಂದು ಮೀಟರ್ ಉದ್ದದ ಕೋಲು ಒಂದು ಮೀಟರ್ ದೂರದಲ್ಲಿದ್ದರೆ ಎಷ್ಟು ಪಿಕ್ಸೆಲ್ ಕಾಣುತ್ತದೋ ಅದೇ `f` ಎಂದುಕೊಂಡರೆ ಸಾಕು.

ಇಲ್ಲಿ ಒಂದು ಮಾತು ಮನಸ್ಸಿನಲ್ಲಿರಲಿ. ಬಾಗಿಲಿನಿಂದ ಸಿಗುವ ಅಳತೆ ಬಾಗಿಲು ಇರುವ ದೂರಕ್ಕೆ ಮಾತ್ರ ಸರಿ. ಹತ್ತಿರದ ಮನೆಯ ಬಾಗಿಲನ್ನು ಹಿಡಿದು, ಹಿಂದೆ ಕಾಣುವ ಗೋಪುರದ ಎತ್ತರ ಹೇಳಲು ಆಗುವುದಿಲ್ಲ. ಗೋಪುರದ ಎತ್ತರ ಬೇಕಿದ್ದರೆ ಗೋಪುರಕ್ಕೇ ಅಂಟಿಕೊಂಡಿರುವ ವಸ್ತು ಬೇಕು.

ಫೋಟೋದ ಜೊತೆ ಕ್ಯಾಮೆರಾದ ಮಾಹಿತಿ ಉಳಿದಿದ್ದರೆ `f` ಸುಲಭವಾಗಿ ಸಿಗುತ್ತದೆ. ಅದರಲ್ಲಿ `FocalLengthIn35mmFormat` ಎಂಬ ಅಂಕಿ ಇರುತ್ತದೆ. ಅದನ್ನು ಫೋಟೋದ ಕರ್ಣದ ಪಿಕ್ಸೆಲ್‌ಗಳಿಂದ ಗುಣಿಸಿ, 43.27 ರಿಂದ ಭಾಗಿಸಿ. 43.27 ಎಂದರೆ 36×24 ಮಿಲಿಮೀಟರ್ ಫಿಲ್ಮ್ ಚೌಕಟ್ಟಿನ ಕರ್ಣ. 4000×3000 ಫೋಟೋದ ಕರ್ಣ 5000 ಪಿಕ್ಸೆಲ್. 26 ಮಿಲಿಮೀಟರ್ ಲೆನ್ಸ್ ಆದರೆ `f` ಸುಮಾರು 3004 ಬರುತ್ತದೆ.

ಆದರೆ ಮೆಸೇಜಿಂಗ್ ಆಪ್‌ಗಳ ಮೂಲಕ ಬಂದ ಫೋಟೋದಲ್ಲಿ ಈ ಮಾಹಿತಿ ಸಾಮಾನ್ಯವಾಗಿ ಉಳಿದಿರುವುದಿಲ್ಲ. ನಮ್ಮ ಫೋಟೋದಲ್ಲೂ ಇಲ್ಲ ಎಂದೇ ಇಟ್ಟುಕೊಳ್ಳೋಣ. ಆಗ `f` ಅನ್ನು ಹಳಿಯಿಂದ ತೆಗೆಯಬೇಕು.

ಹಂತ 1: ಸ್ಲೀಪರ್ ಎಣಿಸಿ ಲೆನ್ಸನ್ನು ಕಂಡುಹಿಡಿಯಿರಿ

ರೈಲು ಹಳಿ ಅಂದರೆ ನೆಲದ ಮೇಲೆ ಹಾಸಿದ ಅಳತೆಪಟ್ಟಿ. ಅಡ್ಡಕ್ಕೆ ಗೇಜ್ ಇದೆ, ಉದ್ದಕ್ಕೆ ಸ್ಲೀಪರ್ ಇದೆ. ಎರಡೂ ಗೊತ್ತಿದ್ದರೆ ಲೆನ್ಸ್ ಯಾವುದು ಅಂತ ಹಳಿಯೇ ಹೇಳುತ್ತದೆ.

ಮೊದಲು ಗೇಜ್. ಯೂರೋಪಿನ ಬಹುಭಾಗ, ಚೀನಾ ಮತ್ತು ಉತ್ತರ ಅಮೆರಿಕದಲ್ಲಿ 1435 ಮಿಲಿಮೀಟರ್. ಭಾರತದ ಬ್ರಾಡ್‌ಗೇಜ್ 1676. ರಷ್ಯಾದ್ದು 1520. ಜಪಾನಿನ ಹಳೆಯ ಮಾರ್ಗಗಳು 1067. ಮೀಟರ್‌ಗೇಜ್ ಹೆಸರೇ ಹೇಳುವಂತೆ 1000. ನಮ್ಮ ಫೋಟೋದ ಹಳಿ 1435ರದ್ದು. ಗೋಪುರ ಯಾವ ದೇಶದ್ದು ಎಂದು ಗೊತ್ತಿರುವುದರಿಂದ ಇದರಲ್ಲಿ ಅನುಮಾನವಿಲ್ಲ.

ಇಲ್ಲೊಂದು ಸಣ್ಣ ಗುಂಡಿ ಇದೆ. ಗೇಜ್ ಎಂದರೆ ಎರಡು ಹಳಿಗಳ ಒಳಬದಿಗಳ ನಡುವಿನ ಅಂತರ. ಹಳಿಯ ತಲೆಯ ಅಗಲ ಸುಮಾರು 7 ಸೆಂಟಿಮೀಟರ್. ದೂರದಲ್ಲಿ ಒಳಬದಿ ಮಸುಕಾಗಿ, ಹಳಿ ಒಂದು ಗೆರೆಯಾಗಿ ಮಾತ್ರ ಕಾಣುತ್ತದೆ. ನೀವು ಗೆರೆಯ ನಡುವಿನಿಂದ ನಡುವಿಗೆ ಅಳೆದು, ಲೆಕ್ಕದಲ್ಲಿ 1.435 ಹಾಕಿದರೆ 5% ತಪ್ಪು ಒಳಗೆ ಬಂತು. ನಡುವಿನಿಂದ ನಡುವಿಗೆ ಅಳೆದರೆ ಗೇಜ್‌ಗೆ ಸುಮಾರು 7 ಸೆಂಟಿಮೀಟರ್ ಸೇರಿಸಿ. 1435ರ ಹಳಿಗೆ 1.507 ಮೀಟರ್ ಎಂದು ಹಿಡಿಯುತ್ತೇನೆ.

ಇನ್ನೊಂದು ಗುಂಡಿ ಅಷ್ಟು ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ಹಳಿಯ ಮೇಲ್ಭಾಗ ಸ್ಲೀಪರಿಗಿಂತ ಹದಿನೈದಿಪ್ಪತ್ತು ಸೆಂಟಿಮೀಟರ್ ಎತ್ತರದಲ್ಲಿರುತ್ತದೆ. ಮೇಲಿನಿಂದ ಓರೆಯಾಗಿ ನೋಡುವಾಗ, ಒಂದು ಸ್ಲೀಪರಿನ ನೇರಕ್ಕೆ ಕಾಣುವ ಹಳಿಯ ತಲೆ ನಿಜಕ್ಕೂ ಆ ಸ್ಲೀಪರಿನ ಮೇಲೆ ಇರುವುದಿಲ್ಲ, ಸ್ವಲ್ಪ ಹತ್ತಿರ ಇರುತ್ತದೆ. ಕ್ಯಾಮೆರಾ 6 ಮೀಟರ್ ಎತ್ತರದಲ್ಲಿದ್ದರೆ ಇದರಿಂದ 3% ತಪ್ಪಾಗಬಹುದು. ಪರಿಹಾರ ಸರಳ. ಹಳಿಯ ತಲೆಯನ್ನು ಬಿಟ್ಟು, ಹಳಿಯ ಬುಡ ಸ್ಲೀಪರಿನ ಮೇಲೆ ಕೂತಿರುವ ಜಾಗದ ನಡುಮಧ್ಯಕ್ಕೆ ಗುರುತು ಹಾಕಿ.

ಈಗ ಸ್ಲೀಪರ್. ಮುಖ್ಯ ಮಾರ್ಗಗಳಲ್ಲಿ ಕಾಂಕ್ರೀಟ್ ಸ್ಲೀಪರುಗಳು ಸಾಮಾನ್ಯವಾಗಿ ನಡುವಿನಿಂದ ನಡುವಿಗೆ 60ರಿಂದ 65 ಸೆಂಟಿಮೀಟರ್ ಅಂತರದಲ್ಲಿರುತ್ತವೆ. ಭಾರತದಲ್ಲಿ ಕಿಲೋಮೀಟರಿಗೆ 1660 ಸ್ಲೀಪರ್ ಎಂದರೆ 60 ಸೆಂಟಿಮೀಟರ್, 1540 ಎಂದರೆ 65. ನಮ್ಮ ಲೆಕ್ಕಕ್ಕೆ 0.60 ಹಿಡಿಯೋಣ. ಅದು ಸರಿಯೇ ಅಂತ ಆಮೇಲೆ ನೋಡೋಣ.

ಫೋಟೋವನ್ನು 200% ದೊಡ್ಡದು ಮಾಡಿ. ಸ್ಪಷ್ಟವಾಗಿ ಕಾಣುವ ಹತ್ತಿರದ ಒಂದು ಸ್ಲೀಪರಿಗೆ ಚುಕ್ಕೆ ಇಡಿ. ಅಲ್ಲಿಂದ ಎಣಿಸುತ್ತಾ ಹೋಗಿ, ಪ್ರತಿ ಹತ್ತನೆಯದಕ್ಕೆ ಇನ್ನೊಂದು ಬಣ್ಣದ ಚುಕ್ಕೆ ಇಡಿ. ನಲವತ್ತು ಆದಾಗ ನಿಲ್ಲಿಸಿ. ನಂತರ ದೂರದ ತುದಿಯಿಂದ ಹಿಂದಕ್ಕೆ ಎಣಿಸಿ. ನಲವತ್ತರಲ್ಲಿ ಒಂದು ತಪ್ಪಿದರೆ 2.5% ತಪ್ಪಾಗುತ್ತದೆ, ಆದ್ದರಿಂದ ಎರಡೂ ಕಡೆಯ ಎಣಿಕೆ ಒಂದೇ ಬರುವವರೆಗೆ ಬಿಡಬೇಡಿ. ಹಳಿ ಕವಲೊಡೆಯುವ ಪಾಯಿಂಟ್ಸ್ ಇರುವ ಜಾಗ, ಹಳಿಗಳ ಜೋಡಣೆ ಇರುವ ಜಾಗ ಎಣಿಕೆಗೆ ಬೇಡ. ಅಲ್ಲಿ ಸ್ಲೀಪರುಗಳ ಅಂತರ ಬೇರೆ ಇರುತ್ತದೆ.

ಸೇತುವೆಯ ಮೇಲಿಂದ ತೆಗೆದ ಫೋಟೋ ಆದ್ದರಿಂದ ಇದೆಲ್ಲ ಸಾಧ್ಯ. ನೆಲದಲ್ಲಿ ನಿಂತು ತೆಗೆದಿದ್ದರೆ ಮೂವತ್ತು ಮೀಟರ್ ಆಚೆಯ ಸ್ಲೀಪರುಗಳು ಮೂರು ಪಿಕ್ಸೆಲ್‌ಗೆ ಒಂದರಂತೆ ಒತ್ತಿಕೊಂಡು ಒಂದೇ ಪಟ್ಟೆಯಾಗಿಬಿಡುತ್ತವೆ.

ಮೊದಲ ಸ್ಲೀಪರಿನ ಮೇಲೆ ಹಳಿಯಿಂದ ಹಳಿಗೆ ಅಗಲ 301 ಪಿಕ್ಸೆಲ್ ಬಂತು ಎಂದಿಟ್ಟುಕೊಳ್ಳಿ. ನಲವತ್ತು ಸ್ಲೀಪರ್ ಆಚೆ 115 ಪಿಕ್ಸೆಲ್. ಎರಡರ ನಡುವಿನ ನಿಜವಾದ ದೂರ 40 × 0.60, ಅಂದರೆ 24 ಮೀಟರ್. ಸೂತ್ರ ಹೀಗಿದೆ:

```
f = L / (G × (1/w2 − 1/w1))
f = 24 / (1.507 × (1/115 − 1/301)) = 2964
```

`L` ಸ್ಲೀಪರ್ ಎಣಿಸಿ ಬಂದ ಉದ್ದ, `G` ಹಳಿಗಳ ಅಂತರ, `w1` ಹತ್ತಿರದ ಅಗಲ, `w2` ದೂರದ ಅಗಲ. ಕ್ಯಾಮೆರಾದಿಂದ ಮೊದಲ ಸ್ಲೀಪರಿಗೆ ಎಷ್ಟು ದೂರ ಅಂತ ನಮಗೆ ಗೊತ್ತಿರಲೇ ಇಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಸೇತುವೆಯ ಎತ್ತರವೂ ಬೇಕಾಗಲಿಲ್ಲ. ಇದೇ ಈ ವಿಧಾನದಲ್ಲಿ ನನಗೆ ಇಷ್ಟವಾದ ಸಂಗತಿ.

ಇನ್ನೊಂದು ಲಾಭವಿದೆ. ಯಾರೋ ಫೋಟೋದ ಅಂಚನ್ನು ಕತ್ತರಿಸಿದ್ದರೂ ಪಿಕ್ಸೆಲ್‌ನಲ್ಲಿರುವ `f` ಬದಲಾಗುವುದಿಲ್ಲ. ಗಾತ್ರ ಚಿಕ್ಕದು ಮಾಡಿದ್ದರೆ ಬದಲಾಗುತ್ತದೆ, ಆದರೆ ಗೋಪುರವೂ ಅಷ್ಟೇ ಪ್ರಮಾಣದಲ್ಲಿ ಚಿಕ್ಕದಾಗಿರುತ್ತದೆ. ಹಳಿ ಮತ್ತು ಗೋಪುರ ಎರಡನ್ನೂ ಒಂದೇ ಪ್ರತಿಯಲ್ಲಿ ಅಳೆದರೆ ಆಯಿತು.

ಆದರೆ ಹಳಿ ಕ್ಯಾಮೆರಾ ನೋಡುವ ದಿಕ್ಕಿಗೇ ಸಾಗಿರಬೇಕು. ಎರಡು ಹಳಿಗಳ ಮೇಲೆ ಗೆರೆ ಎಳೆದು, ಅವು ಸೇರುವ ಬಿಂದು ಎಲ್ಲಿ ಬೀಳುತ್ತದೆ ನೋಡಿ. ಅದು ಚಿತ್ರದ ನಡುವಿಗೆ ಹತ್ತಿರ ಇದ್ದರೆ ಸರಿ. ನಮ್ಮ ಫೋಟೋದಲ್ಲಿ 200 ಪಿಕ್ಸೆಲ್ ಪಕ್ಕಕ್ಕಿದೆ, ಅದರಿಂದ ಆಗುವ ತಪ್ಪು 1%ಗಿಂತ ಕಡಿಮೆ. 500 ಪಿಕ್ಸೆಲ್ ಪಕ್ಕಕ್ಕಿದ್ದರೆ ಸುಮಾರು 3% ಆಗುತ್ತಿತ್ತು. ಹಳಿ ತಿರುವಿನಲ್ಲಿದ್ದರೆ ಈ ಸೂತ್ರವನ್ನೇ ಬಿಟ್ಟುಬಿಡಿ. ಚಿತ್ರ ಕತ್ತರಿಸಿದ್ದು ಎಂಬ ಅನುಮಾನವಿದ್ದರೆ ನಡು ಎಲ್ಲಿ ಅಂತ ಗೊತ್ತಾಗುವುದಿಲ್ಲ, ಆಗ ಈ ಪರೀಕ್ಷೆಯನ್ನು ಪೂರ್ತಿ ನಂಬಲಾಗದು.

ಹಂತ 2: ಬಾಗಿಲಿನಿಂದ ಒರಟು ಅಂದಾಜು

ಈಗ ಗೋಪುರಕ್ಕೆ ಬರೋಣ. ಬಾಗಿಲು 24 ಪಿಕ್ಸೆಲ್ ಎತ್ತರ ಕಾಣುತ್ತಿದೆ. ಬಾಗಿಲಿನ ನಿಜವಾದ ಎತ್ತರ ಎಷ್ಟು?

ಬ್ರಿಟನ್ನಿನಲ್ಲಿ ಸಾಮಾನ್ಯ ಕದ 1981 ಮಿಲಿಮೀಟರ್, ಅಮೆರಿಕದಲ್ಲಿ 2032. ಬೇರೆ ಬಹಳಷ್ಟು ಕಡೆ 2.0ರಿಂದ 2.1 ಮೀಟರ್ ಒಳಗೆ ಬರುತ್ತದೆ. ಆದರೆ ನೀವು ಅಳೆಯುತ್ತಿರುವುದು ಕದವನ್ನೋ, ಚೌಕಟ್ಟನ್ನೋ, ಗೋಡೆಯಲ್ಲಿನ ತೆರವನ್ನೋ? ದೂರದಿಂದ ಮೂರೂ ಒಂದೇ ಕಪ್ಪು ಚೌಕ. ಬಾಗಿಲ ಮೇಲೆ ಗಾಜಿನ ಕಿಂಡಿ ಇದ್ದರೆ ಅದೂ ಸೇರಿಕೊಂಡು ಬಾಗಿಲು ಎರಡೂವರೆ ಮೀಟರ್ ಆಗಿಬಿಡಬಹುದು. ಬುಡದಲ್ಲಿ ಮೆಟ್ಟಿಲಿದ್ದರೆ ಹೊಸ್ತಿಲು ಎಲ್ಲಿ ಅನ್ನುವುದೇ ಪ್ರಶ್ನೆ.

ಬಾಗಿಲು ಮಾಮೂಲಿ ಗಾತ್ರದ್ದೇ ಅಂತ ತಿಳಿಯಲು ಒಂದು ಉಪಾಯವಿದೆ. ಹಿಡಿ ನೋಡಿ. ಮನುಷ್ಯನ ಕೈಗೆ ಸಿಗಬೇಕಾದ್ದರಿಂದ ಹಿಡಿ ಸಾಮಾನ್ಯವಾಗಿ ನೆಲದಿಂದ ಒಂದು ಮೀಟರ್ ಆಸುಪಾಸಿನಲ್ಲೇ ಇರುತ್ತದೆ. ಹಿಡಿ ಬಾಗಿಲಿನ ಅರ್ಧದ ಹತ್ತಿರ ಇದ್ದರೆ ಬಾಗಿಲು ಎರಡು ಮೀಟರ್. ಮೂರನೇ ಒಂದು ಭಾಗದಲ್ಲಿದ್ದರೆ ಅದು ಮೂರು ಮೀಟರಿನ ದೊಡ್ಡ ಬಾಗಿಲು. ಚರ್ಚು, ಗೋದಾಮು, ಹಳೆಯ ಸರ್ಕಾರಿ ಕಟ್ಟಡಗಳ ಬಾಗಿಲನ್ನು ಎರಡು ಮೀಟರ್ ಎಂದು ಹಿಡಿದರೆ ಗೋಪುರ ಇರುವುದಕ್ಕಿಂತ ತುಂಬಾ ಹತ್ತಿರ ಬಂದುಬಿಡುತ್ತದೆ.

ಈ ಫೋಟೋದಲ್ಲಿ ಬಾಗಿಲೇ 24 ಪಿಕ್ಸೆಲ್ ಇರುವಾಗ ಹಿಡಿ ಕಾಣುವುದು ದೂರದ ಮಾತು. ಸುಮ್ನೆ 2.03 ಮೀಟರ್ ಎಂದುಕೊಂಡು ಹಾಕಿದರೆ 2964 × 2.03 / 24, ಸುಮಾರು 250 ಮೀಟರ್. ಒಂದು ಪಿಕ್ಸೆಲ್ ಆಚೀಚೆ ಆದರೆ 241ರಿಂದ 262ರವರೆಗೆ ಓಡಾಡುತ್ತದೆ. ಬಾಗಿಲಿನ ಎತ್ತರದ ಅನುಮಾನವನ್ನು ಸೇರಿಸಿದರೆ ಇನ್ನೂ ಅಗಲ. ಒರಟು ಅಂದಾಜಿಗೆ ಸಾಕು.

ಇಲ್ಲಿ ಹಲವರು ಒಂದು ಜಾಣತನ ಮಾಡುತ್ತಾರೆ. ಗೋಪುರ ಬಾಗಿಲಿಗಿಂತ ಇಷ್ಟು ಪಟ್ಟು ಎತ್ತರ ಎಂದು ಅಳೆದು, ಗೋಪುರದ ಎತ್ತರ ತೆಗೆದು, ಅದರಿಂದ ದೂರ ಲೆಕ್ಕ ಹಾಕುತ್ತಾರೆ. ಗೋಪುರ ದೊಡ್ಡದಾಗಿ ಕಾಣುವುದರಿಂದ ಉತ್ತರ ನಿಖರವಾಗಿದೆ ಎಂಬ ಭಾವನೆ. ಹಾಗೇನಿಲ್ಲ. ಬಾಗಿಲಿನ 24 ಪಿಕ್ಸೆಲ್‌ನಲ್ಲಿದ್ದ ತಪ್ಪು ಹಾಗೇ ಗೋಪುರಕ್ಕೂ ಹತ್ತುತ್ತದೆ. ಲೆಕ್ಕ ಮಾಡಿ ನೋಡಿ, ಉತ್ತರವೂ ಅದೇ ಬರುತ್ತದೆ. ನಿಖರತೆ ಬೇಕಿದ್ದರೆ ಗೋಪುರದ ಎತ್ತರ ಬೇರೆ ಕಡೆಯಿಂದ ಬರಬೇಕು.

ಹಂತ 3: ಇಟ್ಟಿಗೆ ಸಾಲು ಎಣಿಸಿ ಗೋಪುರದ ಎತ್ತರ ತೆಗೆಯಿರಿ

ನಮ್ಮ ಫೋಟೋದಲ್ಲಿ ಇಟ್ಟಿಗೆ ಕಾಣುವುದಿಲ್ಲ. ಅಷ್ಟು ದೂರದಲ್ಲಿ ಒಂದು ಸಾಲು ಒಂದು ಪಿಕ್ಸೆಲ್ ಕೂಡ ಇರುವುದಿಲ್ಲ. ಆದರೆ ಗೋಪುರ ಯಾವುದು ಅಂತ ಗೊತ್ತಲ್ವಾ? ಅದರ ಹತ್ತಿರದ ಫೋಟೋ ಇನ್ನೊಂದು ಹುಡುಕಿ. ಬುಡದಲ್ಲಿ ನಿಂತು ತಲೆ ಎತ್ತಿ ತೆಗೆದ ಫೋಟೋ ಆದರೂ ಪರವಾಗಿಲ್ಲ. ಗೋಪುರ ಮೇಲಕ್ಕೆ ಹೋದಂತೆ ಕಿರಿದಾಗಿ, ಹಿಂದಕ್ಕೆ ಬಾಗಿದಂತೆ ಕಾಣುತ್ತದೆ, ಅಳೆಯಲು ಅದು ಕೆಲಸಕ್ಕೆ ಬಾರದು. ಎಣಿಸಲು ಏನೂ ತೊಂದರೆ ಇಲ್ಲ.

ಎರಡೂ ಫೋಟೋಗಳಲ್ಲಿ ಗುರುತಿಸಬಹುದಾದ ಎರಡು ಜಾಗ ಆರಿಸಿಕೊಳ್ಳಿ. ನಾನು ಹೊಸ್ತಿಲನ್ನು ಮತ್ತು ಗಡಿಯಾರದ ಕೆಳಗೆ ಓಡುವ ಬಿಳಿ ಕಲ್ಲಿನ ಪಟ್ಟಿಯನ್ನು ಆರಿಸುತ್ತೇನೆ. ಗೋಪುರದ ತುದಿ ಬೇಡ, ಅಲ್ಲಿ ಇಟ್ಟಿಗೆ ಮುಗಿದು ಹೆಂಚೋ ತಗಡೋ ಶುರುವಾಗಿರುತ್ತದೆ. ನೆಲವೂ ಬೇಡ, ದೂರದ ಫೋಟೋದಲ್ಲಿ ಗಿಡ, ಬೇಲಿ ಅಡ್ಡ ಬಂದಿರುತ್ತವೆ.

ಹೊಸ್ತಿಲಿನಿಂದ ಪಟ್ಟಿಯವರೆಗೆ 148 ಸಾಲು ಬಂತು. ಒಂದು ಸಾಲು ಎಂದರೆ ಇಟ್ಟಿಗೆಯ ದಪ್ಪ ಮತ್ತು ಒಂದು ಗಾರೆಯ ಸಂದು ಸೇರಿ. ಇಟ್ಟಿಗೆಯ ದಪ್ಪವನ್ನಷ್ಟೇ ಗುಣಿಸುವುದು ಇಲ್ಲಿ ಅತಿ ಸಾಮಾನ್ಯವಾದ ತಪ್ಪು. ಬ್ರಿಟನ್ನಿನ ಈಗಿನ ಇಟ್ಟಿಗೆ 65 ಮಿಲಿಮೀಟರ್ ದಪ್ಪ, ಸಂದು 10, ಒಟ್ಟು 75. ಅಮೆರಿಕದ ಮಾಡ್ಯುಲರ್ ಇಟ್ಟಿಗೆ ಮೂರು ಸಾಲಿಗೆ 8 ಇಂಚು, ಅಂದರೆ ಸಾಲಿಗೆ ಸುಮಾರು 68. ಜರ್ಮನಿಯಲ್ಲಿ ಒಂದು ಬಗೆಯ ಇಟ್ಟಿಗೆ ಮೀಟರಿಗೆ 12 ಸಾಲು, ತೆಳುವಾದ ಇನ್ನೊಂದು ಬಗೆ ಮೀಟರಿಗೆ 16 ಸಾಲು. ಭಾರತದ ಮಾಡ್ಯುಲರ್ ಇಟ್ಟಿಗೆ ಸಂದು ಸೇರಿ 100.

ಯಾವ ಇಟ್ಟಿಗೆ ಅಂತ ತಿಳಿಯಲು ಅದರ ಆಕಾರ ಸ್ವಲ್ಪ ನೆರವಾಗುತ್ತದೆ. ಸಂದು ಸೇರಿಸಿ ಉದ್ದವನ್ನು ದಪ್ಪದಿಂದ ಭಾಗಿಸಿ. ಭಾರತದ ಮಾಡ್ಯುಲರ್ ಇಟ್ಟಿಗೆಗೆ 2 ಬರುತ್ತದೆ, ಬ್ರಿಟನ್ನಿನದಕ್ಕೆ 3, ಜರ್ಮನಿಯ ತೆಳು ಇಟ್ಟಿಗೆಗೆ 4. ಆದರೆ ಅಮೆರಿಕದ್ದಕ್ಕೂ 3 ಬರುತ್ತದೆ, ಆದ್ದರಿಂದ ದೇಶ ಗೊತ್ತಿಲ್ಲದೆ ಇದೊಂದನ್ನೇ ನಂಬಬೇಡಿ. ಗೋಡೆಯಲ್ಲಿ ಇಟ್ಟಿಗೆಯ ಉದ್ದಬದಿ ಮತ್ತು ಕಿರುಬದಿ ಎರಡೂ ಕಾಣುವ ಕಟ್ಟು ಇದ್ದರೆ ಉದ್ದಬದಿಯನ್ನೇ ಅಳೆಯಿರಿ.

ಹಳೆಯ ಕಟ್ಟಡಗಳಲ್ಲಿ ಇನ್ನೂ ಜಾಗ್ರತೆ ಬೇಕು. ಹಳೆ ಕಾಲದಲ್ಲಿ ಇಟ್ಟಿಗೆ ಒಂದೇ ಗಾತ್ರದ್ದಾಗಿರಲಿಲ್ಲ, ಸಾಲಿಗೆ ಎಂಟು ಹತ್ತು ಮಿಲಿಮೀಟರ್ ವ್ಯತ್ಯಾಸ ಬಂದರೆ ಗೋಪುರವೇ ಹತ್ತು ಶೇಕಡಾ ಬೆಳೆಯುತ್ತದೆ. ಇಲ್ಲಿ ಬಾಗಿಲು ಸಾಕ್ಷಿಗೆ ಬರುತ್ತದೆ. ಹತ್ತಿರದ ಫೋಟೋದಲ್ಲಿ ಬಾಗಿಲಿನ ಪಕ್ಕದ ಸಾಲುಗಳನ್ನು ಎಣಿಸಿ. ನಮಗೆ 27 ಸಾಲು ಸಿಕ್ಕಿತು. 75ರಂತೆ ಅದು 2.025 ಮೀಟರ್, 1981ರ ಕದ ಮತ್ತು ಮೇಲಿನ ಚೌಕಟ್ಟು ಸೇರಿ ಸರಿಯಾಗಿ ಕೂರುವ ಅಳತೆ. ಸಾಲು 83 ಮಿಲಿಮೀಟರ್ ಆಗಿದ್ದರೆ ಬಾಗಿಲು 2.24 ಆಗುತ್ತಿತ್ತು, ಮಾಮೂಲಿ ಕದಕ್ಕೆ ಹೊಂದುತ್ತಿರಲಿಲ್ಲ. ಹಿಡಿಯೂ ಹದಿಮೂರನೇ ಸಾಲಿನ ಹತ್ತಿರ, ಅಂದರೆ ಒಂದು ಮೀಟರಿನ ಬಳಿ ಇದೆ. ಹಾಗಾದರೆ 75 ಸರಿ.

148 × 0.075 ಎಂದರೆ 11.1 ಮೀಟರ್. ದೂರದ ಫೋಟೋದಲ್ಲಿ ಹೊಸ್ತಿಲಿನಿಂದ ಬಿಳಿ ಪಟ್ಟಿಯವರೆಗೆ 128 ಪಿಕ್ಸೆಲ್.

```
D = 2964 × 11.1 / 128 = 257
```

ಈಗ ಒಂದು ಪಿಕ್ಸೆಲ್ ತಪ್ಪಿದರೆ ಉತ್ತರ ಬದಲಾಗುವುದು ಎರಡೇ ಮೀಟರ್. ಬಾಗಿಲಿನಲ್ಲಿ ಅದೇ ಒಂದು ಪಿಕ್ಸೆಲ್ ಹತ್ತು ಮೀಟರ್ ತಿನ್ನುತ್ತಿತ್ತು.

ಈ 257 ಕ್ಯಾಮೆರಾ ನೋಡುವ ದಿಕ್ಕಿನಲ್ಲಿ ಅಳೆದ ದೂರ. ಗೋಪುರ ಚಿತ್ರದ ನಡುವಿನಿಂದ ಪಕ್ಕಕ್ಕೆ ಇದ್ದರೆ ನಿಜವಾದ ದೂರ ಸ್ವಲ್ಪ ಜಾಸ್ತಿ. ನಮ್ಮ ಗೋಪುರ 300 ಪಿಕ್ಸೆಲ್ ಬಲಕ್ಕಿದೆ, ಅದಕ್ಕೆ ಅರ್ಧ ಶೇಕಡಾ ಸೇರಿಸಿ 258 ಎನ್ನೋಣ. 1500 ಪಿಕ್ಸೆಲ್ ಬಲಕ್ಕೆ ಅಂಚಿನಲ್ಲಿದ್ದರೆ 12% ಸೇರಿಸಬೇಕಾಗುತ್ತಿತ್ತು. ಇದನ್ನು ಮರೆಯುವವರು ಬಹಳ.

ಹಂತ 4: ಕಾರಿನಿಂದ ತಾಳೆ ನೋಡಿ

ಬಾಗಿಲ ಮುಂದಿನ ಕಾರು ಟೊಯೊಟಾ ಕೊರೊಲಾ ಸೆಡಾನ್, 2019ರ ನಂತರದ ಮಾದರಿ ಎಂದುಕೊಳ್ಳೋಣ. ಕಾರಿನಲ್ಲಿ ಅಳೆಯಲು ಒಳ್ಳೆಯ ಉದ್ದ ವೀಲ್‌ಬೇಸ್, ಅಂದರೆ ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ. ಬಂಪರ್ ಮಾದರಿಯಿಂದ ಮಾದರಿಗೆ ಬದಲಾಗುತ್ತದೆ, ದೂರದಿಂದ ಅದರ ಅಂಚೂ ಸರಿಯಾಗಿ ಕಾಣುವುದಿಲ್ಲ. ಚಕ್ರದ ನಡು ಕಾಣುತ್ತದೆ. ಈ ಕಾರಿಗೆ ವೀಲ್‌ಬೇಸ್ 2.70 ಮೀಟರ್, ಎತ್ತರ 1.435. ತಲೆಮಾರು ಸರಿಯಾಗಿ ಗುರುತಿಸಿ. ಅದೇ ಹೆಸರಿನ, 2000ದ ದಶಕದ ಕೊನೆಯ ಕಾರಿಗೆ ವೀಲ್‌ಬೇಸ್ 2.60.

ಫೋಟೋದಲ್ಲಿ ವೀಲ್‌ಬೇಸ್ 29 ಪಿಕ್ಸೆಲ್. ದೂರ 276 ಮೀಟರ್ ಬರುತ್ತದೆ. ಎತ್ತರ 17 ಪಿಕ್ಸೆಲ್, ಅದರಿಂದ 250. ಒಂದೇ ಕಾರು, ಎರಡು ಉತ್ತರ. ಯಾವುದು ಸುಳ್ಳು?

ಉದ್ದ ಸುಳ್ಳು ಹೇಳುತ್ತಿದೆ. ಕಾರು ನಮಗೆ ಪೂರ್ತಿ ಪಕ್ಕ ತೋರಿಸಿ ನಿಂತಿಲ್ಲ, ಸ್ವಲ್ಪ ತಿರುಗಿ ನಿಂತಿದೆ. ತಿರುಗಿದಾಗ ಉದ್ದ ಕುಗ್ಗುತ್ತದೆ, ಎತ್ತರ ಕುಗ್ಗುವುದಿಲ್ಲ. ಕುಗ್ಗಿದ ಉದ್ದದಿಂದ ಲೆಕ್ಕ ಹಾಕಿದರೆ ದೂರ ಯಾವಾಗಲೂ ಜಾಸ್ತಿಯೇ ಬರುತ್ತದೆ, ಕಡಿಮೆ ಬರುವುದಿಲ್ಲ. ಆದ್ದರಿಂದ ವೀಲ್‌ಬೇಸ್ ಕೊಡುವ ಉತ್ತರವನ್ನು ಮೇಲಿನ ಮಿತಿ ಎಂದು ಇಟ್ಟುಕೊಳ್ಳಿ. ಫೋಟೋ ಸ್ಪಷ್ಟವಾಗಿದ್ದರೆ ಚಕ್ರ ನೋಡಿದರೆ ಗೊತ್ತಾಗುತ್ತದೆ. ದುಂಡಗಿನ ಚಕ್ರ ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ, ಅದರ ಅಗಲ ಎತ್ತರದ ಎಷ್ಟು ಭಾಗವೋ ಕಾರಿನ ಉದ್ದವೂ ಅಷ್ಟೇ ಭಾಗಕ್ಕೆ ಕುಗ್ಗಿರುತ್ತದೆ.

ಎತ್ತರದಿಂದ ಬಂದ 250ರಲ್ಲಿ ಒಂದು ಪಿಕ್ಸೆಲ್ ಎಂದರೆ ಸುಮಾರು 15 ಮೀಟರ್. ಹಾಗಾಗಿ ಕಾರು ಹೇಳುವುದು ಇಷ್ಟೇ: 236ರಿಂದ 266ರ ನಡುವೆ, 276ಕ್ಕಿಂತ ಆಚೆ ಅಲ್ಲ. ಕಾರು ಗೋಪುರಕ್ಕಿಂತ ಕೆಲವು ಮೀಟರ್ ಹತ್ತಿರ ನಿಂತಿದೆ ಅನ್ನುವುದನ್ನೂ ಸೇರಿಸಿಕೊಂಡರೆ 258ಕ್ಕೆ ಅದರ ತಕರಾರಿಲ್ಲ. ತಾಳೆ ನೋಡಲು ಅಷ್ಟು ಸಾಕು.

ಕಾರಿನ ಬದಲು ಕಂಟೇನರ್ ಲಾರಿ ಇದ್ದಿದ್ದರೆ ಇನ್ನೂ ಚೆನ್ನ. ಹಡಗಿನ ಕಂಟೇನರಿನ ಅಗಲ ಜಗತ್ತಿನಾದ್ಯಂತ 2.438 ಮೀಟರ್. ಎತ್ತರದಲ್ಲಿ ಮಾತ್ರ 2.591 ಮತ್ತು 2.896 ಎಂಬ ಎರಡು ಬಗೆ ಇವೆ, ಅದನ್ನು ಗೊತ್ತುಮಾಡಿಕೊಳ್ಳದೆ ಅಳೆದರೆ 12% ಹೋಯಿತು.

ಹಂತ 5: ನಕ್ಷೆಯ ಮೇಲೆ ಇಡಿ

ಒಂದೇ ಅಂಕಿ ಹಿಡಿದು ನಕ್ಷೆಗೆ ಹೋಗಬೇಡಿ. ಸ್ಲೀಪರ್ ಅಂತರ, ಪಿಕ್ಸೆಲ್ ಅಳತೆ, ಹಳಿಯ ಓರೆ ಇವೆಲ್ಲ ಸೇರಿ ಈ ಲೆಕ್ಕಕ್ಕೆ ನಾನು 4% ಬಿಡುತ್ತೇನೆ. ಅಂದರೆ 248ರಿಂದ 268 ಮೀಟರ್. ಉಪಗ್ರಹ ಚಿತ್ರದಲ್ಲಿ ಗೋಪುರದ ಸುತ್ತ ಈ ಎರಡು ಅಳತೆಯ ವೃತ್ತ ಎಳೆಯಿರಿ. ಅಳೆಯುವಾಗ ಗೋಪುರದ ಬುಡದಿಂದ ಅಳೆಯಿರಿ. ಉಪಗ್ರಹ ಚಿತ್ರಗಳಲ್ಲಿ ಎತ್ತರದ ಕಟ್ಟಡ ಒಂದು ಕಡೆಗೆ ವಾಲಿದಂತೆ ಕಾಣುತ್ತದೆ, ತುದಿಯಿಂದ ಅಳೆದರೆ ಹಲವು ಮೀಟರ್ ತಪ್ಪುತ್ತದೆ.

ಮೂರು ಸೇತುವೆಗಳು ಗೋಪುರದಿಂದ 140, 263 ಮತ್ತು 410 ಮೀಟರ್ ದೂರದಲ್ಲಿವೆ ಎಂದುಕೊಳ್ಳಿ. 263ರದ್ದು ವೃತ್ತಗಳ ನಡುವೆ ಬೀಳುತ್ತದೆ.

ಎಲ್ಲ ಸೇತುವೆಯೂ ವೃತ್ತದಿಂದ ಹೊರಗೆ ಬಿದ್ದರೆ ಮೊದಲು ಅನುಮಾನಿಸಬೇಕಾದ್ದು ಸ್ಲೀಪರ್ ಅಂತರವನ್ನು. 0.60ರ ಬದಲು 0.65 ಆಗಿದ್ದರೆ `f` 3211ಕ್ಕೆ ಏರಿ ಗೋಪುರ 280 ಮೀಟರಿಗೆ ಹೋಗುತ್ತಿತ್ತು. ಇದನ್ನು ಪರೀಕ್ಷಿಸಲು ವಿದ್ಯುತ್ ತಂತಿಯ ಕಂಬಗಳಿದ್ದರೆ ಸಾಕು. ಎರಡು ಕಂಬಗಳ ನಡುವಿನ ದೂರವನ್ನು ಉಪಗ್ರಹ ಚಿತ್ರದಲ್ಲಿ ಅಳೆದು, ಫೋಟೋದಲ್ಲಿ ಅದೇ ಕಂಬಗಳ ನಡುವಿನ ಸ್ಲೀಪರುಗಳನ್ನು ಎಣಿಸಿ, ಭಾಗಿಸಿ. ಎಣಿಸಲು ಹತ್ತಿರದ ಎರಡು ಕಂಬ ಆರಿಸಿ, ದೂರದವುಗಳಲ್ಲಿ ಎಣಿಕೆ ತಪ್ಪುತ್ತದೆ.

ಸೇತುವೆ ಸಿಕ್ಕ ಮೇಲೆ ನಾನು ಲೆಕ್ಕವನ್ನು ತಿರುಗಿಸಿ ಹಾಕಿ ನೋಡುತ್ತೇನೆ. ದೂರ 263 ಎಂದೇ ಹಿಡಿದು, ಅರ್ಧ ಶೇಕಡಾ ಓರೆ ಕಳೆದು, 11.1 ಮೀಟರ್ 128 ಪಿಕ್ಸೆಲ್ ಕಾಣಬೇಕಾದರೆ `f` ಸುಮಾರು 3020 ಇರಬೇಕು. ನಮ್ಮ ಫೋಟೋವೂ 4000×3000ರದ್ದೇ ಎಂದುಕೊಂಡು, ಅದನ್ನು 43.27ರಿಂದ ಗುಣಿಸಿ 5000ದಿಂದ ಭಾಗಿಸಿದರೆ 26 ಮಿಲಿಮೀಟರ್. ಬಹಳಷ್ಟು ಫೋನುಗಳ ಮುಖ್ಯ ಕ್ಯಾಮೆರಾ 24ರಿಂದ 28ರ ಒಳಗೇ ಇರುತ್ತದೆ. 410 ಮೀಟರಿನ ಸೇತುವೆಗೆ ಇದೇ ಲೆಕ್ಕ ಹಾಕಿದರೆ 41 ಮಿಲಿಮೀಟರ್ ಬರುತ್ತದೆ, 140ರದ್ದಕ್ಕೆ 14. ಆ ಎರಡೂ ಲೆನ್ಸುಗಳಿಗೆ ಹಳಿಯ 301 ಮತ್ತು 115 ಪಿಕ್ಸೆಲ್ ಹೊಂದಬೇಕಾದರೆ ಸ್ಲೀಪರುಗಳು ಒಂದಕ್ಕೊಂದು 95 ಸೆಂಟಿಮೀಟರ್ ದೂರ ಇರಬೇಕು, ಇಲ್ಲವೇ 33 ಸೆಂಟಿಮೀಟರಿಗೊಂದು ಇರಬೇಕು. ಹಾಗೆ ಹಾಸಿದ ಮುಖ್ಯ ಮಾರ್ಗ ನಾನಂತೂ ನೋಡಿಲ್ಲ.